ಅಳತೆ ಗೊತ್ತಿದೆ ಎಂದು ಕವರ್ ಲೆಟರ್‌ನಲ್ಲಿ ತೋರಿಸುವುದು ಹೇಗೆ: ಕನ್ಸರ್ವೇಶನ್ ಕಚೇರಿಗೆ ಅರ್ಜಿ ಹಾಕುವ ಹೊಸ ಪದವೀಧರರಿಗೆ

ಬಿ.ಆರ್ಕ್ ಮುಗಿಸಿ ಹಳೇ ಕಟ್ಟಡಗಳ ಸಂರಕ್ಷಣೆ ಮಾಡುವ ಕಚೇರಿಗೆ ಅರ್ಜಿ ಹಾಕುವವರ ಪತ್ರಗಳನ್ನು ನಾನು ಪ್ರತಿ ವರ್ಷ ಓದುತ್ತೇನೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹುಡುಗ ಹುಡುಗಿಯರೂ ಬರೆಯುತ್ತಾರೆ. ಬಹುಪಾಲು ಪತ್ರಗಳಲ್ಲಿ ಒಂದು ಸಾಲು ಇದ್ದೇ ಇರುತ್ತದೆ: "ನನಗೆ ಮೆಷರ್ಡ್ ಡ್ರಾಯಿಂಗ್ ಮತ್ತು ಸೈಟ್ ಸರ್ವೆಯಲ್ಲಿ ಉತ್ತಮ ಅನುಭವವಿದೆ." ಈ ಸಾಲಿನಿಂದ ನನಗೆ ಏನೂ ಗೊತ್ತಾಗುವುದಿಲ್ಲ. ಕಾಲೇಜಿನಲ್ಲಿ ಎಲ್ಲರೂ ಒಂದಲ್ಲ ಒಂದು ಕಟ್ಟಡ ಅಳೆದೇ ಇರುತ್ತಾರೆ, ಅಲ್ವಾ?

ನನಗೆ ಬೇಕಿರುವುದು ಬೇರೆ. ಈ ವ್ಯಕ್ತಿ ತಂದುಕೊಟ್ಟ ಪ್ಲಾನ್ ನಂಬಿ ನಾಳೆ ನಾನು ಒಂದು ತೊಲೆ ಬದಲಾಯಿಸಲು ಹೇಳಬಹುದಾ? ತೊಲೆ ಹತ್ತು ಸೆಂಟಿಮೀಟರ್ ಗಿಡ್ಡ ಬಂದರೆ ಮರ ಹಾಳು, ದುಡ್ಡು ಹಾಳು. ಆದ್ದರಿಂದ ಅಳೆದದ್ದನ್ನು ಹೇಗೆ ಪರೀಕ್ಷಿಸಿದಿರಿ ಎಂದು ಪತ್ರ ಹೇಳಬೇಕು. ಅದನ್ನು ಬರೆಯುವ ದಾರಿಯನ್ನು ಒಂದು ಉದಾಹರಣೆ ಇಟ್ಟುಕೊಂಡು ಕೊನೆಯವರೆಗೆ ನೋಡೋಣ.

ಮೊದಲು ಒಂದೇ ಒಂದು ಕಟ್ಟಡ ಆರಿಸಿಕೊಳ್ಳಿ

ಐದು ವರ್ಷದಲ್ಲಿ ಅಳೆದ ಎಲ್ಲವನ್ನೂ ಪತ್ರದಲ್ಲಿ ತುಂಬಬೇಡಿ. ಒಂದು ಸಾಕು. ಯಾವುದು ಅಂದರೆ, ನಿಮ್ಮ ಕೈಯಿಂದಲೇ ಟೇಪ್ ಹಿಡಿದು, ನಿಮ್ಮ ಕೈಬರಹದಲ್ಲೇ ಫೀಲ್ಡ್ ಶೀಟ್ ಬರೆದದ್ದು.

ನಂದಿಯ ಭೋಗನಂದೀಶ್ವರ ದೇವಸ್ಥಾನ ಎಂದರೆ ಪತ್ರಕ್ಕೆ ತೂಕ ಬರುತ್ತದೆ ಎಂದು ಹಲವರು ಅಂದುಕೊಳ್ಳುತ್ತಾರೆ. ಬೆಂಗಳೂರಿಗೆ ಹತ್ತಿರ ಇರುವುದರಿಂದ ಆ ದೇವಸ್ಥಾನದ ಡ್ರಾಯಿಂಗ್‌ಗಳನ್ನು ಕಚೇರಿಯವರು ಬೇಕಾದಷ್ಟು ನೋಡಿರುತ್ತಾರೆ. ಅಲ್ಲಿ ಎಲ್ಲಿ ಎಡವುತ್ತಾರೆ ಎಂದೂ ಅವರಿಗೆ ಗೊತ್ತು. ಭೋಗನಂದೀಶ್ವರ, ಅರುಣಾಚಲೇಶ್ವರ ಎರಡು ಗುಡಿ ಅಕ್ಕಪಕ್ಕ, ನೋಡಲು ಒಂದೇ ಥರ, ನಡುವೆ ಆಮೇಲೆ ಸೇರಿದ ಉಮಾಮಹೇಶ್ವರ ಗುಡಿ. ವಿದ್ಯಾರ್ಥಿ ಒಂದು ಗುಡಿ ಅಳೆದು, ಆಟೊಕ್ಯಾಡ್‌ನಲ್ಲಿ `MIRROR` ಕೊಟ್ಟು ಇನ್ನೊಂದನ್ನು ಮಾಡಿಬಿಡುತ್ತಾನೆ. ಎರಡು ಬದಿಯ ಕಂಬಗಳ ಅಂತರ ಮಿಲಿಮೀಟರ್ ಲೆಕ್ಕದಲ್ಲಿ ಒಂದೇ ಬಂದಿದ್ದರೆ ಅದನ್ನು ಅಳೆದಿಲ್ಲ ಎಂದು ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಕೈಯಲ್ಲಿ ಕಡೆದ ಕಲ್ಲು ಹಾಗೆ ಬರುವುದಿಲ್ಲ.

ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನೋಡಿಕೊಳ್ಳುವ ಸ್ಮಾರಕ ಬೇರೆ. ಅಂಥ ಜಾಗದಲ್ಲಿ ಅಳೆದಿದ್ದರೆ ಕಾಲೇಜಿನ ಮೂಲಕ ಪಡೆದ ಅನುಮತಿಯ ಬಗ್ಗೆ ಪತ್ರದಲ್ಲಿ ಒಂದು ಸಾಲು ಇರಲಿ.

ನನ್ನನ್ನು ಕೇಳಿದರೆ, ನಿಮ್ಮೂರಿನ ಹೆಸರಿಲ್ಲದ ಕಟ್ಟಡವೇ ಮೇಲು. ಒಂದು ತೊಟ್ಟಿ ಮನೆ, ಒಂದು ಕಲ್ಯಾಣಿ, ಒಂದು ಹಳೇ ಛತ್ರ. ಅದರ ಡ್ರಾಯಿಂಗ್ ಬೇರೆಲ್ಲೂ ಇರುವುದಿಲ್ಲ. ನೋಡಿ ನಕಲು ಮಾಡಿದ್ದಾರೆ ಎಂಬ ಅನುಮಾನವೂ ಬರುವುದಿಲ್ಲ.

ನಮ್ಮ ಉದಾಹರಣೆಯ ಹುಡುಗಿ ಶಿರಾ ಕಡೆಯವಳು. ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಣ್ಣಿನ ಗೋಡೆ, ಮರದ ಕಂಬ, ಮಣ್ಣಿನ ಮಾಳಿಗೆ ಇರುವ ತೊಟ್ಟಿ ಮನೆಯನ್ನು ಗೆಳೆಯರ ಜೊತೆ ಅಳೆದಿದ್ದಾಳೆ.

ಪತ್ರಕ್ಕೆ ಮುಂಚೆ ಫೀಲ್ಡ್ ಶೀಟ್ ತೆಗೆದು ಕೂರಿ

ಪತ್ರದ ಸರಕು ಲ್ಯಾಪ್‌ಟಾಪ್‌ನ ಅಂತಿಮ ಡ್ರಾಯಿಂಗ್‌ನಲ್ಲಿ ಸಿಗುವುದಿಲ್ಲ. ಧೂಳು ಹಿಡಿದ ಆ ಕಚ್ಚಾ ಹಾಳೆಗಳಲ್ಲಿ ಸಿಗುತ್ತದೆ. ಅವನ್ನು ಮುಂದೆ ಹರಡಿಕೊಂಡು ಮೂರು ವಿಷಯ ಹುಡುಕಿ: ಚೌಕ ಹೇಗೆ ನೋಡಿದಿರಿ, ಮೊತ್ತ ಹೇಗೆ ತಾಳೆ ನೋಡಿದಿರಿ, ಮಟ್ಟ ಹೇಗೆ ಹಿಡಿದಿರಿ.

ಚೌಕದಿಂದ ಶುರು ಮಾಡೋಣ. ಹುಡುಗಿಯ ಹಾಳೆಯಲ್ಲಿ ತೊಟ್ಟಿಯ ಅಳತೆ 4.18 ಮೀಟರ್, 3.62 ಮೀಟರ್ ಎಂದಿದೆ. ಮೂಲೆಗಳು ಸರಿಯಾದ ಚೌಕವಾಗಿದ್ದರೆ ಮೂಲೆಯಿಂದ ಮೂಲೆಗೆ ಎರಡೂ ಕಡೆ 5.53 ಮೀಟರ್ ಬರಬೇಕು. ಅವಳಿಗೆ ಒಂದು ಕಡೆ 5.47, ಇನ್ನೊಂದು ಕಡೆ 5.59 ಬಂದಿದೆ. ಅಂದರೆ ತೊಟ್ಟಿಯ ಮೂಲೆಗಳು ಸುಮಾರು ಒಂದೂಕಾಲು ಡಿಗ್ರಿ ಓರೆಯಾಗಿವೆ. ಕಣ್ಣಿಗೆ ಇದು ಕಾಣುವುದೇ ಇಲ್ಲ. ಮೂಲೆ ಅಳತೆ ತೆಗೆಯದವರು ಇದನ್ನು 90 ಡಿಗ್ರಿಯಲ್ಲಿ ಬರೆದುಬಿಡುತ್ತಾರೆ. ಆಮೇಲೆ ಒಳಗಿನ ಕೋಣೆಗಳು ಹೊರಗಿನ ಗೋಡೆಗೆ ಕೂಡುವುದಿಲ್ಲ. ಆಗ ಗೋಡೆಯ ದಪ್ಪವನ್ನು ಹಿಗ್ಗಿಸಿ ಕುಗ್ಗಿಸಿ ಹೇಗೋ ಕೂಡಿಸುತ್ತಾರೆ. ಪತ್ರದಲ್ಲಿ ಹಾಕಲು ಈ ಎರಡು ಸಂಖ್ಯೆ ಚಿನ್ನ.

ಎರಡನೆಯದು ಮೊತ್ತ. ಮನೆಯ ಹೊರಗೆ ಮುಂಭಾಗದ ಉದ್ದ ಒಂದೇ ಎಳೆತದಲ್ಲಿ 14.36 ಮೀಟರ್. ಅದೇ ಗೆರೆಯಲ್ಲಿ ಒಳಗೆ ಎಡಗಡೆ ಕೋಣೆ 3.10, ನಡುವಿನ ತೊಟ್ಟಿ ಮತ್ತು ಎರಡೂ ಪಡಸಾಲೆ ಸೇರಿ 6.74, ಬಲಗಡೆ ಕೋಣೆ 2.76. ಮೂರೂ ಕೂಡಿದರೆ 12.60. ಅಂದರೆ ನಾಲ್ಕು ಗೋಡೆಗೆ ಉಳಿದದ್ದು 1.76. ಆದರೆ ಬಾಗಿಲು, ಕಿಟಕಿಗಳ ಹತ್ತಿರ ಗೋಡೆಯ ದಪ್ಪವನ್ನು ನೇರವಾಗಿ ಅಳೆದಾಗ ಹೊರಗೋಡೆ 46 ಸೆಂಟಿಮೀಟರ್, ಒಳಗೋಡೆ 38 ಬಂದಿತ್ತು. ನಾಲ್ಕೂ ಸೇರಿ 1.68. ಎಂಟು ಸೆಂಟಿಮೀಟರ್ ಜಾಸ್ತಿ.

ಮಣ್ಣಿನ ಗೋಡೆಯಲ್ಲಿ ಒಂದೆರಡು ಸೆಂಟಿಮೀಟರ್ ಹೆಚ್ಚುಕಮ್ಮಿ ಇರುತ್ತದೆ, ಎಂಟು ಇರುವುದಿಲ್ಲ. ಹತ್ತರ ಆಸುಪಾಸಿನ ವ್ಯತ್ಯಾಸ ಕಂಡರೆ ಟೇಪ್ ಓದುವಾಗ ಒಂದು ಗುರುತು ತಪ್ಪಿದೆ ಎಂದು ಮೊದಲು ಅನುಮಾನಿಸಬೇಕು. ಅವಳು ಮತ್ತೆ ಹೋಗಿ ಅಳೆದಾಗ ಬಲಗಡೆ ಕೋಣೆ 2.76 ಅಲ್ಲ, 2.86. ಈಗ ಒಳಗಿನ ಲೆಕ್ಕ 14.38, ಹೊರಗಿನದು 14.36. ಉಳಿದ ವ್ಯತ್ಯಾಸ ಎರಡು ಸೆಂಟಿಮೀಟರ್. ಅದನ್ನು ಸುಮ್ನೆ ಹಾಗೇ ಡ್ರಾಯಿಂಗ್‌ನ ಮೂಲೆಯಲ್ಲಿ ಬರೆದಿಟ್ಟಿದ್ದಾಳೆ. ಇಂಥವಳನ್ನು ನಾನು ಮಾತಿಗೆ ಕರೆಯುತ್ತೇನೆ.

ಮೂರನೆಯದು ಮಟ್ಟ. ಪ್ಲಾನ್ ಸರಿ ಬಂದರೂ ಸೆಕ್ಷನ್ ಕೆಡುವುದು ಇಲ್ಲೇ. ನೆಲದಿಂದ ಮೇಲಕ್ಕೆ ಅಳೆಯುತ್ತಾ ಹೋಗುತ್ತಾರೆ, ಆದರೆ ಹಳೇ ಮನೆಯ ನೆಲವೇ ಸಮ ಇರುವುದಿಲ್ಲ. ಅದಕ್ಕೆ ಇಡೀ ಮನೆಗೆ ಒಂದೇ ಮಟ್ಟದ ಗೆರೆ ಬೇಕು. ಇವಳು ತಲೆಬಾಗಿಲ ಹೊಸಿಲಿನಿಂದ ಒಂದು ಮೀಟರ್ ಮೇಲೆ ಗುರುತು ಮಾಡಿ, ಮೇಸ್ತ್ರಿಗಳು ಬಳಸುವ ನೀರು ತುಂಬಿದ ಟ್ಯೂಬ್ ಲೆವೆಲ್‌ನಿಂದ ಅದೇ ಮಟ್ಟವನ್ನು ಕಂಬದಿಂದ ಕಂಬಕ್ಕೆ ಒಯ್ದಿದ್ದಾಳೆ. ಗೋಡೆಗೆ ಸೀಮೆಸುಣ್ಣ ಹಚ್ಚಿಲ್ಲ, ದಾರ ಕಟ್ಟಿದ್ದಾಳೆ. ಆ ದಾರದಿಂದ ಕೆಳಕ್ಕೆ ನೆಲ, ಮೇಲಕ್ಕೆ ಬೋದಿಗೆ, ತೊಲೆ, ಜಂತೆ.

ಟ್ಯೂಬ್‌ನಲ್ಲಿ ಒಂದು ಗಾಳಿಗುಳ್ಳೆ ಸಿಕ್ಕಿದರೂ ಮಟ್ಟ ತಪ್ಪುತ್ತದೆ. ಶುರು ಮಾಡುವ ಮುಂಚೆ ಎರಡು ತುದಿಯನ್ನು ಪಕ್ಕಪಕ್ಕ ಹಿಡಿದು ನೀರು ಒಂದೇ ಎತ್ತರ ನಿಂತಿದೆಯಾ ನೋಡಬೇಕು. ಕೊನೆಯಲ್ಲಿ ಮತ್ತೆ ಹೊಸಿಲಿಗೇ ಬಂದು ಮೊದಲ ಗುರುತಿಗೆ ಕೂಡುತ್ತದಾ ನೋಡಬೇಕು. ಇವಳಿಗೆ ಅಲ್ಲಿ 4 ಮಿಲಿಮೀಟರ್ ವ್ಯತ್ಯಾಸ ಬಂದಿದೆ. ಟ್ಯೂಬ್ ಲೆವೆಲ್‌ಗೆ ಅದು ಒಳ್ಳೆಯ ಫಲಿತಾಂಶ.

ನಿಖರತೆ ಬಗ್ಗೆ ದೊಡ್ಡ ಮಾತು ಬೇಡ

"ಮಿಲಿಮೀಟರ್ ನಿಖರತೆ" ಎಂದು ಬರೆಯುವವರು ಬಹಳ. ಲೇಸರ್ ಮೀಟರ್‌ನ ಪರದೆ ಮಿಲಿಮೀಟರ್ ತೋರಿಸುತ್ತದೆ ನಿಜ. ಆದರೆ ಮಣ್ಣಿನ ಗೋಡೆಯ ಮೈಯೇ ಒಂದು ಸೆಂಟಿಮೀಟರ್ ಉಬ್ಬುತಗ್ಗು ಇರುವಾಗ ಆ ಮಿಲಿಮೀಟರ್‌ಗೆ ಅರ್ಥ ಇಲ್ಲ. ಲೇಸರ್ ಚುಕ್ಕಿ ಗೋಡೆಯ ಉಬ್ಬಿಗೆ ಬಿತ್ತಾ, ಗೂಡಿನ ಅಂಚಿಗೆ ಬಿತ್ತಾ ಎಂಬುದೇ ಮುಖ್ಯವಾಗುತ್ತದೆ.

ಸ್ಕೇಲ್ ನೋಡಿ ಮಾತಾಡಿ. 1:50ರ ಡ್ರಾಯಿಂಗ್‌ನಲ್ಲಿ ಕಾಗದದ ಮೇಲಿನ 0.2 ಮಿಲಿಮೀಟರ್ ಗೆರೆ ಅಂದರೆ ಸೈಟ್‌ನಲ್ಲಿ 10 ಮಿಲಿಮೀಟರ್. ಹಾಗಾಗಿ ಪ್ಲಾನ್‌ಗೆ ಅರ್ಧ, ಒಂದು ಸೆಂಟಿಮೀಟರ್‌ವರೆಗೆ ಅಳೆದರೆ ಸಾಕು. ಬೋದಿಗೆಯ ಕೆತ್ತನೆಯನ್ನು 1:5ರಲ್ಲಿ ಬರೆಯುವಾಗ ಮಾತ್ರ ಮಿಲಿಮೀಟರ್ ಬೇಕು. "ಪ್ಲಾನ್ 1:50, ಅಳತೆ 5 ಮಿ.ಮೀ.ವರೆಗೆ, ಬೋದಿಗೆ 1:5, ಅಳತೆ 1 ಮಿ.ಮೀ.ವರೆಗೆ" ಎಂದು ಬರೆದರೆ ಎಲ್ಲಿ ಎಷ್ಟು ಅಳೆಯಬೇಕು ಎಂಬುದು ಇವರಿಗೆ ಗೊತ್ತಿದೆ ಎಂದು ತಿಳಿಯುತ್ತದೆ.

ಟೋಟಲ್ ಸ್ಟೇಷನ್ ವಿಷಯಕ್ಕೂ ಇದೇ ಮಾತು. ಕಾಲೇಜಿನ ಸರ್ವೆ ಕ್ಯಾಂಪ್‌ನಲ್ಲಿ ಪ್ರಿಸಂ ಕೋಲು ಹಿಡಿದು, ರೀಡಿಂಗ್ ಬರೆದುಕೊಂಡಿದ್ದರೆ ಅಷ್ಟೇ ಬರೆಯಿರಿ. ಸ್ವಂತವಾಗಿ ಸ್ಟೇಷನ್ ಇಟ್ಟಿಲ್ಲ ಅಂದರೆ ಇಟ್ಟಿಲ್ಲ. ಅದನ್ನು ಕಚೇರಿಯಲ್ಲಿ ಕಲಿಸಬಹುದು. ಗೊತ್ತಿದೆ ಎಂದು ಹೇಳಿ ಸೈಟ್‌ನಲ್ಲಿ ಕೈಕಟ್ಟಿ ನಿಂತರೆ ಇಡೀ ತಂಡದ ಒಂದು ದಿನ ಹೋಗುತ್ತದೆ. ಫೋಟೊಗಳಿಂದ ಮಾದರಿ ಮಾಡುವ ಫೋಟೊಗ್ರಾಮೆಟ್ರಿ ಬಳಸಿದ್ದರೆ ಅದರ ಅಳತೆಯನ್ನು ಟೇಪ್‌ನಿಂದ ಬೇರೆಯಾಗಿ ತಾಳೆ ನೋಡಿದ ಒಂದು ಸಾಲು ಸೇರಿಸಿ.

ಅಳೆಯದೆ ಬಿಟ್ಟದ್ದನ್ನೂ ಬರೆಯಿರಿ

ಇದಕ್ಕೆ ಹೊಸಬರು ಹೆದರುತ್ತಾರೆ. ಹೆದರಬೇಕಾಗಿಲ್ಲ. ಆ ಮನೆಯ ಮಾಳಿಗೆ ಮೇಲೆ ಇವರು ಹತ್ತಿಲ್ಲ, ಯಾಕಂದರೆ ಹಿಂದಿನ ಪಡಸಾಲೆಯ ಜಂತೆಗಳಿಗೆ ಗೆದ್ದಲು ಹಿಡಿದಿತ್ತು. ಮಾಳಿಗೆಯ ದಪ್ಪವನ್ನು ತೊಟ್ಟಿಯ ಅಂಚಿನಲ್ಲಿ ಕಾಣುವಷ್ಟು ಮಾತ್ರ ಅಳೆದು, ಉಳಿದದ್ದನ್ನು ಡ್ರಾಯಿಂಗ್‌ನಲ್ಲಿ ಚುಕ್ಕೆ ಗೆರೆಯಲ್ಲಿ ತೋರಿಸಿದ್ದಾಳೆ. ಚುಕ್ಕೆ ಗೆರೆ ಎಂದರೆ "ಇದು ಊಹೆ" ಎಂದು. ಊಹೆಯನ್ನು ಗಟ್ಟಿ ಗೆರೆಯಲ್ಲಿ ಬರೆದ ಡ್ರಾಯಿಂಗ್‌ನಷ್ಟು ಅಪಾಯದ್ದು ನಮ್ಮ ಕೆಲಸದಲ್ಲಿ ಬೇರೆ ಇಲ್ಲ.

ಬಿರುಕುಗಳ ವಿಷಯದಲ್ಲೂ ಕಂಡದ್ದನ್ನು ಮಾತ್ರ ಬರೆಯಿರಿ. "ಕಿಟಕಿಯ ಮೇಲೆ ಓರೆ ಬಿರುಕು, ಮೇಲ್ತುದಿಯಲ್ಲಿ 6 ಮಿ.ಮೀ., ಕೆಳತುದಿಯಲ್ಲಿ 2 ಮಿ.ಮೀ." ಎಂದರೆ ಅದು ಸರ್ವೆ. "ಅಡಿಪಾಯ ಕುಸಿದಿದೆ" ಎಂದರೆ ಅದು ತೀರ್ಪು. ಕಾರಣ ಹೇಳಲು ಕಾಲಕಾಲಕ್ಕೆ ಅಳೆದು ನೋಡಬೇಕು, ಸ್ಟ್ರಕ್ಚರಲ್ ಎಂಜಿನಿಯರ್ ಬೇಕು.

ನಮ್ಮ ಭಾಗದವರು ಬಿಟ್ಟುಬಿಡುವ ಒಂದು ಮಾತು

ಸೈಟ್ ಸರ್ವೆ ಅಂದರೆ ಟೇಪ್ ಮಾತ್ರ ಅಲ್ಲ. ಮನೆಯವರ ಜೊತೆ ಕೂತು ಮಾತಾಡುವುದೂ ಸರ್ವೆಯೇ. ಯಾವ ಗೋಡೆ ಹಳೆಯದು, ಯಾವುದು ಪಾಲಾದ ಮೇಲೆ ಎದ್ದದ್ದು, ಅಡುಗೆಮನೆ ಮೊದಲು ಎಲ್ಲಿತ್ತು ಎಂಬುದನ್ನು ಮನೆಯ ಅಜ್ಜಿ ಹೇಳಬೇಕು. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಕನ್ನಡ, ತೆಲುಗು ಎರಡೂ ಬರುತ್ತದೆ ಅಂದರೆ ಅದನ್ನು ಬಯೊಡೇಟಾದ ಕೊನೆಯಲ್ಲಿ ಮುಚ್ಚಿಡಬೇಡಿ. ಪತ್ರದಲ್ಲೇ, ಕೆಲಸದ ಜೊತೆ ಸೇರಿಸಿ ಹೇಳಿ. ಬೋದಿಗೆ, ಜಂತೆ, ಗಾರೆ ಎಂದು ಮೇಸ್ತ್ರಿಯ ಮಾತಿನಲ್ಲೇ ಕೇಳಿ ಬರೆದುಕೊಳ್ಳುವವರು ಕಚೇರಿಗೆ ಬೇಕು.

ಈಗ ಪತ್ರ

ಒಂದೇ ಪುಟ, ನಾಲ್ಕೈದು ಪ್ಯಾರಾ. ಕಚೇರಿಯವರು ಇಂಗ್ಲಿಷ್‌ನಲ್ಲಿ ಕೇಳಿದ್ದರೆ ಇಂಗ್ಲಿಷ್‌ನಲ್ಲೇ ಕಳಿಸಿ. ಆದರೆ ಮೊದಲ ಕರಡನ್ನು ಕನ್ನಡದಲ್ಲಿ ಬರೆದು ನೋಡಿ. ನಿಮ್ಮ ಮಾತಲ್ಲಿ ಬರೆದಾಗ ಏನು ಮಾಡಿದಿರಿ ಎಂಬುದು ನೇರವಾಗಿ ಬರುತ್ತದೆ.

ಒಂದು ಎಚ್ಚರಿಕೆ. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗುವವರೆಗೆ ಹೆಸರಿನ ಮುಂದೆ ಆರ್ಕಿಟೆಕ್ಟ್ ಎಂದು ಹಾಕಬೇಡಿ. 1972ರ ಕಾಯ್ದೆ ಪ್ರಕಾರ ನೋಂದಣಿ ಆದವರು ಮಾತ್ರ ಆ ಹೆಸರು ಬಳಸಬಹುದು. ನಮ್ಮ ಹುಡುಗಿಯ ಪತ್ರ ಹೀಗಿದೆ:

> ವಿಷಯ: ಡಾಕ್ಯುಮೆಂಟೇಶನ್ ಕೆಲಸಕ್ಕೆ ಅರ್ಜಿ (ಬಿ.ಆರ್ಕ್, ಮೆಷರ್ಡ್ ಡ್ರಾಯಿಂಗ್ ಮತ್ತು ಸೈಟ್ ಸರ್ವೆ)
>
> ಮಾನ್ಯರೇ,
>
> ನಿಮ್ಮ ಕಚೇರಿಯಲ್ಲಿ ಡಾಕ್ಯುಮೆಂಟೇಶನ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಈ ವರ್ಷ ಬಿ.ಆರ್ಕ್ ಮುಗಿಸಿದ್ದೇನೆ. ಕೌನ್ಸಿಲ್ ನೋಂದಣಿಗೆ ಅರ್ಜಿ ಕೊಟ್ಟಿದ್ದೇನೆ.
>
> ಮಧುಗಿರಿ ತಾಲ್ಲೂಕಿನ ಒಂದು ತೊಟ್ಟಿ ಮನೆಯನ್ನು ಮನೆಯವರ ಒಪ್ಪಿಗೆ ಪಡೆದು ನಾವು ಐದು ಜನ ಅಳೆದೆವು. ನೆಲಮಹಡಿಯ ಪ್ಲಾನ್ (1:50), ತೊಟ್ಟಿಯ ಮೂಲಕ ಹಾಯುವ ಒಂದು ಸೆಕ್ಷನ್ (1:50) ಮತ್ತು ಒಂದು ಬೋದಿಗೆಯ ವಿವರ (1:5) ನನ್ನ ಕೆಲಸ. ಎಲಿವೇಶನ್‌ಗಳನ್ನು ಗೆಳೆಯರು ಮಾಡಿದ್ದಾರೆ.
>
> ತೊಟ್ಟಿಯ ಎರಡು ಮೂಲೆ ಅಳತೆ 5.47 ಮತ್ತು 5.59 ಮೀ. ಬಂದದ್ದರಿಂದ ಅದನ್ನು ಓರೆಯಾಗಿಯೇ ಬರೆದಿದ್ದೇನೆ. ಗೋಡೆ ದಪ್ಪದ ಲೆಕ್ಕ 8 ಸೆಂ.ಮೀ. ಕೂಡದೆ ಇದ್ದಾಗ ಮತ್ತೆ ಸೈಟ್‌ಗೆ ಹೋಗಿ ಒಂದು ಕೋಣೆಯ ತಪ್ಪು ಅಳತೆಯನ್ನು ಸರಿಪಡಿಸಿದೆ. ಈಗ 14.36 ಮೀ. ಉದ್ದದಲ್ಲಿ ಒಳಗಿನ, ಹೊರಗಿನ ಅಳತೆಗೆ 2 ಸೆಂ.ಮೀ. ವ್ಯತ್ಯಾಸ ಇದೆ, ಅದನ್ನು ಹಾಳೆಯಲ್ಲಿ ನಮೂದಿಸಿದ್ದೇನೆ. ಸೆಕ್ಷನ್‌ಗೆ ಹೊಸಿಲಿನಿಂದ ಟ್ಯೂಬ್ ಲೆವೆಲ್‌ನಲ್ಲಿ ಮಟ್ಟ ಹಿಡಿದೆ, ಮರಳಿ ಬಂದಾಗ 4 ಮಿ.ಮೀ. ವ್ಯತ್ಯಾಸ ಬಂತು. ಜಂತೆಗಳಿಗೆ ಗೆದ್ದಲು ಹಿಡಿದಿದ್ದರಿಂದ ಮಾಳಿಗೆ ಹತ್ತಲಿಲ್ಲ; ಆ ಭಾಗ ಚುಕ್ಕೆ ಗೆರೆಯಲ್ಲಿದೆ.
>
> ಮನೆಯ ಹಿರಿಯರನ್ನು ಕೇಳಿ ಯಾವ ಗೋಡೆ ಆಮೇಲೆ ಕಟ್ಟಿದ್ದು ಎಂದು ಪ್ಲಾನ್‌ನಲ್ಲಿ ಗುರುತಿಸಿದ್ದೇನೆ. ಕನ್ನಡ, ತೆಲುಗು ಎರಡೂ ಮಾತಾಡುತ್ತೇನೆ. ಟೋಟಲ್ ಸ್ಟೇಷನ್ ಕೆಲಸದಲ್ಲಿ ರೀಡಿಂಗ್ ಬರೆದುಕೊಂಡಿದ್ದೇನೆ, ಸ್ವತಂತ್ರವಾಗಿ ಇಟ್ಟಿಲ್ಲ, ಕಲಿಯಬೇಕಿದೆ.
>
> ಫೀಲ್ಡ್ ಶೀಟ್ ಒಂದು ಮತ್ತು ಅದರಿಂದ ಮಾಡಿದ ಪ್ಲಾನ್ ಜೊತೆಗಿದೆ. ಮೊದಲ ತಾರೀಖಿನಿಂದ ಕೆಲಸಕ್ಕೆ ಬರಬಲ್ಲೆ. ವಾರಗಟ್ಟಲೆ ಸೈಟ್‌ನಲ್ಲಿ ಉಳಿಯಲು ಅಡ್ಡಿಯಿಲ್ಲ.
>
> ಇಂತಿ,
> (ಹೆಸರು, ಫೋನ್ ನಂಬರ್)

ಪರಂಪರೆಯ ಮೇಲಿನ ಪ್ರೀತಿಯ ಬಗ್ಗೆ ಇದರಲ್ಲಿ ಒಂದು ಸಾಲೂ ಇಲ್ಲ. ತಪ್ಪು ಹಿಡಿಯಲು ಮತ್ತೆ ಹಳ್ಳಿಗೆ ಹೋದದ್ದರಲ್ಲೇ ಆ ಪ್ರೀತಿ ಕಾಣುತ್ತದೆ. ಗೆಳೆಯರ ಕೆಲಸವನ್ನು ಗೆಳೆಯರದು ಎಂದು ಹೇಳಿರುವುದನ್ನೂ ಗಮನಿಸಿ. ಒಂದೇ ತಂಡದ ಮೂರು ಜನ ಒಂದೇ ಕಚೇರಿಗೆ ಅರ್ಜಿ ಹಾಕುವುದು ಮಾಮೂಲು. ಮೂವರೂ ಅದೇ ಸೆಕ್ಷನ್ ನನ್ನದು ಎಂದರೆ ಮೂವರ ಪತ್ರವೂ ಪಕ್ಕಕ್ಕೆ ಹೋಗುತ್ತದೆ.

ಕಚೇರಿಯ ಬಗ್ಗೆ ಒಂದು ಸಾಲು ಸೇರಿಸಬೇಕು ಅನ್ನಿಸಿದರೆ ಹೊಗಳಿಕೆ ಬೇಡ. ಅವರು ಮಾಡಿದ ಒಂದು ಕೆಲಸ ನೋಡಿ ಬಂದಿದ್ದರೆ ಅಲ್ಲಿ ಏನು ಗಮನಿಸಿದಿರಿ ಎಂದು ಬರೆಯಿರಿ. ನೋಡಿಲ್ಲ ಅಂದರೆ ಬಿಡಿ.

ಜೊತೆಗೆ ಏನು ಕಳಿಸಬೇಕು

ಎರಡು ಹಾಳೆ ಸಾಕು. ಒಂದು ಫೀಲ್ಡ್ ಶೀಟ್‌ನ ಸ್ಕ್ಯಾನ್, ಇನ್ನೊಂದು ಅದೇ ಭಾಗದ ಮುಗಿದ ಡ್ರಾಯಿಂಗ್. ಒಂದರ ಪಕ್ಕ ಒಂದು ಇಟ್ಟು ನೋಡುವ ಹಾಗಿರಬೇಕು. ಫೀಲ್ಡ್ ಶೀಟನ್ನು ಮನೆಗೆ ಬಂದು ಚೆನ್ನಾಗಿ ಮತ್ತೆ ಬರೆದು ಕಳಿಸಬೇಡಿ. ಹೊಡೆದುಹಾಕಿದ 2.76, ಅದರ ಪಕ್ಕ ಬರೆದ 2.86 ಹಾಗೇ ಇರಲಿ. ದಿನಾಂಕ, ಅಳೆದವರ ಹೆಸರು, ಉತ್ತರ ದಿಕ್ಕು ಹಾಳೆಯಲ್ಲಿ ಇದೆಯಾ ನೋಡಿ. ಮನೆಯವರ ಹೆಸರು, ಅವರ ಒಳಕೋಣೆಯ ಫೋಟೊ ಬೇಡ, ಅವರು ಒಪ್ಪಿದ್ದು ಅಳತೆಗೆ ಮಾತ್ರ.

ಎರಡನ್ನೂ ಒಂದೇ ಪಿಡಿಎಫ್ ಮಾಡಿ. ಎ3ಯಲ್ಲಿ ಪ್ರಿಂಟ್ ತೆಗೆದು ಸಂಖ್ಯೆಗಳು ಓದಲು ಆಗುತ್ತಾ ಎಂದು ನೀವೇ ಒಮ್ಮೆ ನೋಡಿ. ಹಾಳೆಯನ್ನು ಕುಗ್ಗಿಸಿದ್ದರೆ 1:50 ಎಂದು ಬರೆದದ್ದು ಸುಳ್ಳಾಗುತ್ತದೆ. ಅದಕ್ಕೆ ಡ್ರಾಯಿಂಗ್ ಕೆಳಗೆ ಮೀಟರ್ ಗುರುತಿನ ಸ್ಕೇಲ್ ಪಟ್ಟಿ ಇರಲೇಬೇಕು.

ಪತ್ರ ಹಿಡಿಸಿದರೆ ಮಾತಿಗೆ ಕರೆಯುತ್ತಾರೆ. ಹೆಚ್ಚಾಗಿ ಪತ್ರದಲ್ಲಿರುವ ಸಂಖ್ಯೆಗಳ ಮೇಲೇ ಪ್ರಶ್ನೆ ಬರುತ್ತದೆ: ಹೊರಗೋಡೆಯ ದಪ್ಪ ಎಲ್ಲಿ ಅಳೆದಿರಿ, ಮೇಲೆ ಹೋದಂತೆ ತೆಳುವಾಗಿತ್ತಾ, ಮಟ್ಟದ ದಾರ ಎಲ್ಲೆಲ್ಲಿ ಹಾಯಿತು. ಕೆಲವು ಕಡೆ ಕೈಗೆ ಟೇಪ್ ಕೊಟ್ಟು ಕೂತ ಕೋಣೆಯನ್ನೇ ಅಳೆಯಲು ಹೇಳುತ್ತಾರೆ. ಆಗ ಮೊದಲು ಕೋಣೆಯ ಕಚ್ಚಾ ಚಿತ್ರ ಬರೆದುಕೊಳ್ಳಿ, ಒಂದು ಮೂಲೆಯಿಂದ ಟೇಪ್ ಎತ್ತದೆ ಸಾಲಾಗಿ ಓದಿ, ಎರಡೂ ಮೂಲೆ ಅಳತೆ ತೆಗೆಯಿರಿ. ಇನ್ನೊಬ್ಬರು ಸಂಖ್ಯೆ ಹೇಳಿದಾಗ ಅದನ್ನು ಜೋರಾಗಿ ತಿರುಗಿ ಹೇಳಿ ಬರೆದುಕೊಳ್ಳಿ.